ಪೊರಳ್ ಎಂಬ ಡ್ರ್ಯಾಗನ್, ಎರಗವ್ವ ಎಂಬ ಸವಾರಳು

ಕನ್ನಡದಲ್ಲಿ ಹೊಸದಾಗಿ ಅದ್ಭುತ ಕಥೆ ಬರೆಯುವವರು ಡ್ರ್ಯಾಗನ್‌ಗೆ ಹೆಸರಿಡುವ ಹೊತ್ತು ಬಂದಾಗ ಸಾಮಾನ್ಯವಾಗಿ ಸಂಸ್ಕೃತದ ಕಡೆ ಕೈ ಚಾಚುತ್ತಾರೆ. ಅಗ್ನಿಕೇತು, ವಜ್ರನಖ, ಜ್ವಾಲಾಮುಖಿ ಎಂಬ ಬಗೆಯ ಹೆಸರುಗಳು ಹುಟ್ಟುವುದು ಹೀಗೆ. ಇವುಗಳ ತೊಂದರೆ ಸಂಸ್ಕೃತದ್ದಲ್ಲ, ಸಮಾಸದ್ದು. ಎರಡು ಪದ ಜೋಡಿಸಿದ ಕೂಡಲೇ ಹೆಸರು ತನ್ನ ಅರ್ಥವನ್ನೆಲ್ಲ ಹೇಳಿ ಮುಗಿಸಿಬಿಡುತ್ತದೆ. ಬೆಂಕಿಯ ಬಾವುಟದವನು ಎಂದು ಗೊತ್ತಾದ ಮೇಲೆ ಆ ಪ್ರಾಣಿಯ ಬಗ್ಗೆ ಓದುಗ ಊಹಿಸಲು ಏನೂ ಉಳಿಯುವುದಿಲ್ಲ. ಡ್ರ್ಯಾಗನ್‌ಗೆ ಒಂದು ಹೆಸರು, ಅದನ್ನೇರುವವರಿಗೆ ಒಂದು, ಎರಡೂ ಹಳಗನ್ನಡದ ಒಂಟಿ ಧಾತುವಿನಿಂದಲೇ ಹುಟ್ಟಬೇಕು ಎಂಬ ಕಟ್ಟು ಹಾಕಿಕೊಂಡರೆ ಕೆಲಸ ಬೇರೆಯೇ ಆಗುತ್ತದೆ. ಒಂದು ಕಥೆಯನ್ನು ನಮ್ಮ ಐದು ತಾಲೂಕುಗಳಲ್ಲಿ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ನಡೆಯಿತೆಂದು ಇಟ್ಟುಕೊಂಡು ಆ ಕೆಲಸವನ್ನು ಇಲ್ಲಿ ಮಾಡಿ ನೋಡುತ್ತೇನೆ.

ಇದಕ್ಕೆ ದೊಡ್ಡ ಉದಾಹರಣೆ ಇಂಗ್ಲಿಷಿನಲ್ಲಿದೆ. 1937ರಲ್ಲಿ ಬಂದ ‘ದಿ ಹಾಬಿಟ್’ ಕಾದಂಬರಿಯ ಡ್ರ್ಯಾಗನ್ ಹೆಸರು ಸ್ಮಾಗ್. ಬರೆದ ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು. ಪ್ರಾಚೀನ ಜರ್ಮಾನಿಕ್ ಭಾಷೆಯಲ್ಲಿ ಕಿರಿದಾದ ಕಂಡಿಯಲ್ಲಿ ನುಸುಳು ಎಂಬರ್ಥದ ಒಂದು ಕ್ರಿಯಾಪದವಿತ್ತು. ಅದರ ಭೂತಕಾಲದ ರೂಪದಿಂದ ಈ ಹೆಸರು ಬಂತೆಂದು ಅವರೇ ಹೇಳಿದ್ದಾರೆ. ಬೆಂಕಿ, ರೆಕ್ಕೆ, ಚಿನ್ನ ಯಾವುದೂ ಆ ಹೆಸರಿನಲ್ಲಿಲ್ಲ. ಬಿಲದೊಳಗೆ ನುಸುಳಿ ಕೂತ ಒಂದು ಚಲನೆ ಮಾತ್ರ ಇದೆ. ಅವರು ವಸ್ತುವಿನ ಹೆಸರನ್ನು ಬಿಟ್ಟು ಕ್ರಿಯೆಯನ್ನು ಆರಿಸಿಕೊಂಡರು. ನಾವೂ ಮೊದಲು ಪಾಲಿಸಬೇಕಾದ್ದು ಇದನ್ನೇ: ಡ್ರ್ಯಾಗನ್ ಏನು ಎಂದು ಕೇಳಬಾರದು, ಏನು ಮಾಡುತ್ತದೆ ಎಂದು ಕೇಳಬೇಕು.

ನಮ್ಮ ಡ್ರ್ಯಾಗನ್ ಎಲ್ಲಿರುತ್ತದೆ ಎಂಬುದು ಸುಲಭದ ಪ್ರಶ್ನೆ. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯ ಕಡೆ ಹೋದವರು ಅಲ್ಲಿನ ಬಂಡೆಗಳನ್ನು ಕಂಡಿರುತ್ತಾರೆ. ಒಂದರ ಮೇಲೊಂದು ಏರಿ ಕೂತ, ಯಾರೋ ಅಡಿಯಿಂದ ಎಬ್ಬಿಸಿ ಬಿಟ್ಟಂತೆ ಚೆಲ್ಲಾಪಿಲ್ಲಿಯಾದ ಗುಂಡುಗಲ್ಲುಗಳವು. ಈಗ ಅಲ್ಲಿ ಕರಡಿಧಾಮವಿದೆ. ಆ ಕಲ್ಲುಗಳ ಸಂದಿಯೇ ಕರಡಿಗಳ ಮನೆ. ನಮ್ಮ ಕಥೆಯಲ್ಲಿ ಆ ಗುಡ್ಡದ ಅಡಿಯಲ್ಲಿ ಸಾವಿರ ವರ್ಷದಿಂದ ಮಲಗಿದ ಒಂದು ಜೀವವಿದೆ. ಅದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ಕಲ್ಲುಗಳು ಹೀಗಾದವು. ಅಂದರೆ ಅದರ ಕ್ರಿಯೆ ಸುಡುವುದೂ ಅಲ್ಲ, ಹಾರುವುದೂ ಅಲ್ಲ, ಹೊರಳುವುದು.

ಹಾಗೆಂದು ಮೊದಲು ಹೊಳೆಯುವ ಧಾತುಗಳನ್ನು ನೋಡದೆ ಬಿಡಬಾರದು. ಅವು ಯಾಕೆ ಒಗ್ಗುವುದಿಲ್ಲ ಎಂದು ತಿಳಿದರೆ ಒಗ್ಗುವುದರ ಬೆಲೆ ತಿಳಿಯುತ್ತದೆ. ಹಾರು ಎಂಬುದರ ಹಳೆಯ ರೂಪ ಪಾಱು. ಡ್ರ್ಯಾಗನ್‌ಗೆ ಬಹಳ ಒಪ್ಪುವ ಧಾತು ಎನಿಸುತ್ತದೆ. ಆದರೆ ಅದರಿಂದ ಹಾರುವವನು ಎಂಬ ಹೆಸರು ಮಾಡಹೋದರೆ ಸಿಗುವುದು ಹಾರುವ. ಕನ್ನಡದಲ್ಲಿ ಹಾರುವ ಎಂದರೆ ಬ್ರಾಹ್ಮಣ, ಹಳೆಯ ಪಾರ್ವ ಎಂಬುದರ ಈಗಿನ ರೂಪ. ಡ್ರ್ಯಾಗನ್ ಮೊದಲ ಪುಟದಲ್ಲೇ ಅಗ್ರಹಾರಕ್ಕೆ ಹೋಗಿ ಕೂರುತ್ತದೆ. ಹಾವಿನ ಹಳೆಯ ರೂಪ ಪಾವು. ನಮ್ಮ ಸಂತೆಗಳಲ್ಲಿ ಪಾವು ಎಂದರೆ ಅಳತೆ. ಹೆಸರು ಕೂಗಿದ ಕೂಡಲೇ ಅಕ್ಕಿ, ಬೇಳೆ ನೆನಪಾಗುತ್ತವೆ. ಸಿಟ್ಟಿನಿಂದ ಉರಿ ಎಂಬರ್ಥದ ಕನಲ್ ಧಾತು ನನಗೆ ಬಹಳ ಇಷ್ಟ. ಕನಲಿ ಕೆಂಡವಾದ ಎನ್ನುವಾಗ ನಾವು ಬಳಸುವುದು ಅದನ್ನೇ. ಆದರೆ ತುಂಗಭದ್ರೆಯ ನೀರಾವರಿ ಸೀಮೆ ಪಕ್ಕದಲ್ಲೇ ಇರುವ ಹಗರಿಬೊಮ್ಮನಹಳ್ಳಿಯಲ್ಲಿ ಕನಲ್ ಬಂತು ಎಂದು ಜೋರಾಗಿ ಓದಿದರೆ ಕೇಳಿದವರಿಗೆ ಕೆನಾಲಿಗೆ ನೀರು ಬಂತು ಎಂದು ಕೇಳಿಸುವುದು ಖಂಡಿತ. ಸುತ್ತು, ಅಲೆ ಎಂಬರ್ಥದ ಸುೞಿ ಇನ್ನೂ ಚೆಲುವಾದ ಧಾತು. ಸುಳಿಗಾಳಿ, ಎತ್ತಿನ ಮೈಮೇಲಿನ ಸುಳಿ, ಜೋಳದ ಸುಳಿ ಎಲ್ಲವೂ ಅದರೊಳಗಿವೆ. ಹಳಗನ್ನಡದಲ್ಲಿ ಕೆಡು ಎಂಬುದು ಕೇಡು ಆದಂತೆ, ಬಿಡು ಬೀಡು ಆದಂತೆ ಮೊದಲ ಸ್ವರವನ್ನು ಎಳೆದು ನಾಮಪದ ಮಾಡುವ ದಾರಿಯುಂಟು. ಸುೞಿಯನ್ನು ಹಾಗೆ ಎಳೆದರೆ ಮಕ್ಕಳ ಪುಸ್ತಕದಲ್ಲಿ ಅಚ್ಚು ಹಾಕಲಾಗದ ಬೈಗುಳದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಈ ಸೋಲುಗಳಿಗೆಲ್ಲ ಕಾರಣ ಒಂದೇ. ಧಾತು ನಿಘಂಟಿನಲ್ಲಿ ಒಂಟಿಯಾಗಿ ಕಾಣುತ್ತದೆ, ಆದರೆ ಓದುಗನ ಕಿವಿಯಲ್ಲಿ ಅದು ಒಂಟಿಯಲ್ಲ. ಅದರ ಅಕ್ಕಪಕ್ಕದಲ್ಲಿ ಇವತ್ತಿನ ಪದಗಳು ಕೂತಿರುತ್ತವೆ. ಆದ್ದರಿಂದ ಹೆಸರನ್ನು ಬರೆದು ನೋಡಿದರೆ ಸಾಲದು. ಅದನ್ನು ದೂರದಿಂದ ಕೂಗಬೇಕು, ಅದಕ್ಕೆ ‘ಬಂತು’ ಸೇರಿಸಬೇಕು, ‘ಇಗೆ’ ಮತ್ತು ‘ಇನ’ ಸೇರಿಸಬೇಕು. ಎಡವುವುದಿದ್ದರೆ ಅಲ್ಲೇ ಎಡವುತ್ತದೆ.

ಹೊರಳು ಎಂಬುದರ ಹಳೆಯ ರೂಪ ಪೊರಳ್. ಇದರಲ್ಲಿ ವಯಸ್ಸನ್ನು ತೋರಿಸುವ ಎರಡು ಗುರುತುಗಳಿವೆ. ಮೊದಲನೆಯದು ಆರಂಭದ ಪಕಾರ. ಹತ್ತನೆಯ ಶತಮಾನದ ಸುಮಾರಿಗೆ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗತೊಡಗಿತು. ಕೆಲವು ಶತಮಾನ ಎರಡೂ ಒಟ್ಟಿಗೆ ನಡೆದು ಕೊನೆಗೆ ಹಕಾರ ಗೆದ್ದಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಗಲ್ ಹಗಲಾಯಿತು. ಎರಡನೆಯ ಗುರುತು ಕೊನೆಯ ಅರ್ಧಾಕ್ಷರ. ಹಳಗನ್ನಡ ಪದ ವ್ಯಂಜನದಲ್ಲಿ ನಿಲ್ಲಲು ಹೆದರುತ್ತಿರಲಿಲ್ಲ. ಕಣ್, ಪಾಲ್, ಬೆರಳ್ ಎನ್ನುತ್ತಿತ್ತು. ಆಮೇಲಿನ ಕನ್ನಡ ಅದಕ್ಕೆಲ್ಲ ಉಕಾರ ಸೇರಿಸಿತು. ಪೊರಳ್ ಎಂದು ಅಂದರೆ ಸಾಕು, ಇದು ಬಹಳ ಹಿಂದಿನಿಂದ ಬಂದದ್ದೆಂದು ವ್ಯಾಕರಣ ಓದದವರಿಗೂ ಅನ್ನಿಸುತ್ತದೆ. ಅರ್ಥವೂ ತೀರಾ ಮುಚ್ಚಿಹೋಗುವುದಿಲ್ಲ. ಕೊರಳು, ನೆರಳು, ಬೆರಳುಗಳ ಜೊತೆ ಪ್ರಾಸವಿದೆ, ಹೊರಳು ಎಂಬುದು ಕೈಗೆಟುಕುವಷ್ಟು ಹತ್ತಿರವಿದೆ. ಕೂಡ್ಲಿಗಿಯ ತೆಲುಗು ಮಾತಿನ ಮನೆಗಳಲ್ಲಿ ಇನ್ನೂ ಸುಲಭ, ಯಾಕೆಂದರೆ ತೆಲುಗು ಪಕಾರವನ್ನು ಬಿಟ್ಟುಕೊಡಲಿಲ್ಲ. ದೇವರಿಗೆ ಉರುಳುಸೇವೆ ಮಾಡುವುದನ್ನು ಅವರು ಪೊರ್ಲು ದಂಡಾಲು ಎನ್ನುತ್ತಾರೆ. ಅದೂ ಇದೇ ಧಾತು.

ನನ್ನ ಮುಖ್ಯ ಮಾತು ಇಲ್ಲಿದೆ. ಸಾವಿರ ವರ್ಷ ಬದುಕಿದ ಪ್ರಾಣಿಗೆ ಒಂದೇ ಹೆಸರು ಒಂದೇ ರೂಪದಲ್ಲಿ ಇರಲು ಸಾಧ್ಯವಿಲ್ಲ. ಜನರ ಬಾಯಿ ಬದಲಾದಂತೆ ಹೆಸರೂ ಬದಲಾಗಿರಬೇಕು. ರೂಪ ಬದಲಿಸಿಕೊಂಡ ಧಾತುವನ್ನೇ ಆರಿಸಿದರೆ, ಹೆಸರು ಒಂದೇ ಆಗಿದ್ದೂ ಕಥೆಯ ಕಾಲವನ್ನೆಲ್ಲ ಹೊತ್ತುಕೊಂಡಿರುತ್ತದೆ. ಇದು ಕಥೆಗಾಗಿ ಕಟ್ಟಿದ ಸಿದ್ಧಾಂತವಲ್ಲ. ಹಡಗಲಿಗೆ ಆದದ್ದೇ ಇದು. ಹೂವಿನಹಡಗಲಿಯನ್ನು ಹಳೆಯ ಶಾಸನಗಳು ಪೂವಿನ ಪಡಂಗಿಲೆ ಎನ್ನುತ್ತವೆ. ಪೂ ಹೂವಾಯಿತು, ಪಡ ಹಡವಾಯಿತು. ಊರು ಇದ್ದಲ್ಲೇ ಇತ್ತು, ಮಲ್ಲಿಗೆಯೂ ಬೆಳೆಯುತ್ತಲೇ ಬಂತು, ಹೆಸರು ಮಾತ್ರ ನಿಧಾನಕ್ಕೆ ತುಟಿಯಿಂದ ಗಂಟಲಿಗೆ ಸರಿಯಿತು. ಪಂಪೆ ಹಂಪೆಯಾದದ್ದೂ ಇದೇ ದಾರಿಯಲ್ಲಿ.

ಹಾಗಾಗಿ ಕಥೆಯಲ್ಲಿ ಡ್ರ್ಯಾಗನ್ ತನ್ನನ್ನು ತಾನು ಪೊರಳ್ ಎಂದೇ ಕರೆದುಕೊಳ್ಳುತ್ತದೆ. ಅದು ಮಲಗುವಾಗ ಜನ ಹಾಗೇ ಅನ್ನುತ್ತಿದ್ದರು, ಎದ್ದಾಗಲೂ ಅದಕ್ಕೆ ಗೊತ್ತಿರುವುದು ಅದೊಂದೇ. ಮಾತಾಡಿದರೆ ‘ಪೊರಳ್ದಪೆಂ’ ಎನ್ನುತ್ತದೆ, ಹೊರಳುತ್ತೇನೆ ಎಂದು. ಗುಡ್ಡದ ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅದು ಹೊರಳು. ಹೆದರಿಕೆಗೆ ಸ್ವಲ್ಪ ಭಕ್ತಿ ಸೇರಿದ ಮೇಲೆ ಹೊರಳಜ್ಜ. ಕೊಟ್ಟೂರೇಶ ಎಂಬುದು ದಿನದ ಬಳಕೆಯಲ್ಲಿ ಸವೆದು ಕೊಟ್ರೇಶನಾದ ನಾಡಿದು, ಇಲ್ಲಿ ಯಾವ ಹೆಸರೂ ಸವೆಯದೆ ಉಳಿಯುವುದಿಲ್ಲ. ಆದರೆ ಸವೆಸುವುದಕ್ಕೂ ಒಂದು ಗಡಿ ಬೇಕು. ತುಂಗಭದ್ರೆಯ ಆಚೆ ಧಾರವಾಡದ ಕಡೆ ಹೊರಳಿ ನೋಡು ಎಂಬುದನ್ನು ಹೊಳ್ಳಿ ನೋಡು ಎನ್ನುತ್ತಾರೆ. ಆ ದಾರಿ ಹಿಡಿದು ಡ್ರ್ಯಾಗನನ್ನು ಹೊಳ್ಳ ಮಾಡಿದರೆ ಕರಾವಳಿಯ ಮನೆತನದ ಹೆಸರಾಗುತ್ತದೆ. ನಾನಾದರೆ ಹೊರಳಜ್ಜನಲ್ಲೇ ನಿಲ್ಲಿಸುತ್ತೇನೆ.

ಪಕಾರವನ್ನು ಕಂಡಕಂಡಲ್ಲಿ ಹಿಂದಕ್ಕೆ ತರುವ ಆಸೆ ಮಾತ್ರ ಕೆಟ್ಟದ್ದು, ಹೊಸಬರು ಜಾರುವುದೇ ಇಲ್ಲಿ. ಹಳ್ಳಿ ಹಿಂದೆ ಪಳ್ಳಿಯಾಗಿತ್ತು, ನಿಜ. ಹಾಗೆಂದು ಹರಪನಹಳ್ಳಿಯನ್ನು ಕಥೆಯಲ್ಲಿ ಪರಪನ ಪಳ್ಳಿ ಎಂದು ಬರೆದರೆ ಅದು ಬರೀ ಊಹೆ. ಹರ, ಹನುಮ, ಹಂಸ ಮುಂತಾದ ಪದಗಳ ಹಕಾರ ಸಂಸ್ಕೃತದಿಂದಲೇ ಬಂದದ್ದು, ಅದರ ಹಿಂದೆ ಪಕಾರವಿಲ್ಲ. ಹಗರಿಬೊಮ್ಮನಹಳ್ಳಿಯ ಬೊಮ್ಮ ಅಚ್ಚಕನ್ನಡದಂತೆ ಕೇಳಿಸಿದರೂ ಬ್ರಹ್ಮನ ತದ್ಭವ. ತಿರುಗುಮುರುಗು ತಪ್ಪೂ ಉಂಟು: ಪಕಾರ ಕಂಡದ್ದೆಲ್ಲ ಹಳೆಯದಲ್ಲ. ಹಾವು ಬಿಡುವ ಪೊರೆಯನ್ನು ನಾವು ಇವತ್ತಿಗೂ ಪೊರೆ ಎಂದೇ ಅನ್ನುತ್ತೇವೆ. ಡ್ರ್ಯಾಗನ್‌ಗೆ ಪೊರೆ ಎಂದು ಹೆಸರಿಟ್ಟರೆ ಅದರಲ್ಲಿ ಪ್ರಾಚೀನತೆ ಸ್ವಲ್ಪವೂ ಕೇಳಿಸುವುದಿಲ್ಲ.

ಸರಿಯೋ ತಪ್ಪೋ ಎಂದು ನೋಡುವುದು ಕಷ್ಟವಲ್ಲ, ಸ್ವಲ್ಪ ತಾಳ್ಮೆ ಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಮೊದಲು ಈಗಿನ ರೂಪವನ್ನು ತೆಗೆಯಬೇಕು. ಅಲ್ಲಿಂದ ಹಳೆಯ ರೂಪಕ್ಕೆ ದಾರಿ ಸಿಗುತ್ತದೆ, ತಮಿಳು ತೆಲುಗಿನ ಸೋದರ ಪದಗಳೂ ಪಕ್ಕದಲ್ಲೇ ಇರುತ್ತವೆ. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು. ಅದರಲ್ಲಿ ಶಾಸನ ಮತ್ತು ಕಾವ್ಯಗಳ ಬಳಕೆಯನ್ನು ಕೊಟ್ಟಿರುವುದರಿಂದ ಪದ ನಿಜವಾಗಿ ಬಳಕೆಯಲ್ಲಿತ್ತೇ, ಯಾವ ಸಂದರ್ಭದಲ್ಲಿ ಎಂದು ಕಾಣುತ್ತದೆ. ಅಕಾರಾದಿಯಲ್ಲಿ ಪಕಾರವೂ ಹಕಾರವೂ ದೂರದೂರ ಇರುವುದರಿಂದ ಒಂದೇ ಧಾತುವಿಗೆ ಎರಡು ಸಂಪುಟ ತೆರೆಯಬೇಕಾಗುತ್ತದೆ. ಒಂದರಲ್ಲೇ ನಿಲ್ಲಿಸಿದವರಿಗೆ ಅರ್ಧ ಜಾತಕ ಮಾತ್ರ ಸಿಗುತ್ತದೆ. ಕೊನೆಗೆ, ಬೇಕಾದವರಿಗೆ, ಕೇಶಿರಾಜ. 1260ರ ಸುಮಾರಿನ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೇ ಒಂದು ಪ್ರಕರಣವಿದೆ. ಧಾತುವಿನಿಂದ ನಾಮಪದ ಹೇಗಾಗುತ್ತದೆಂಬ ಅನುಮಾನಕ್ಕೂ ಅಲ್ಲಿ ಉತ್ತರ ಹುಡುಕಬಹುದು.

ಇನ್ನು ಸವಾರಳು. ಅವಳು ಹಡಗಲಿ ತಾಲೂಕಿನ ಹುಡುಗಿ ಎಂದುಕೊಳ್ಳೋಣ. ಸಹಜವಾಗಿ ಹೊಳೆಯುವ ಧಾತು ಏಱು, ಅಂದರೆ ಈಗಿನ ಏರು. ಸವಾರಿ ಎಂದರೆ ಏರುವುದೇ ತಾನೆ. ಆದರೆ ಏರು ಒಂದು ಉದ್ಯೋಗವನ್ನು ಹೇಳುತ್ತದೆ, ಮನುಷ್ಯಳನ್ನಲ್ಲ. ಜೊತೆಗೆ ಅದರಿಂದ ಏರವ್ವ ಎಂದು ಮಾಡಿದರೆ ಓದುವವರು ಈರವ್ವನ ಅಚ್ಚಿನ ದೋಷ ಎಂದುಕೊಂಡು ಮುಂದೆ ಹೋಗುತ್ತಾರೆ. ನಿಲ್ ಧಾತುವಿನಿಂದ ನಿಲವ್ವ ಮಾಡಿದರೆ ನೀಲವ್ವನ ಪಾಲಾಗುತ್ತದೆ. ನಮ್ಮ ಸೀಮೆಯ ಹೆಸರುಗಳಿಗೆ ತಮ್ಮದೇ ಒಂದು ಅಚ್ಚು ಇದೆ. ಊರದೇವರಿಂದ ಹುಟ್ಟಿದ ಕೊಟ್ರೇಶ, ಕೊಟ್ರಮ್ಮ, ಮೈಲಾರಪ್ಪ, ಉಚ್ಚೆಂಗೆಮ್ಮ, ಹುಲುಗಪ್ಪ, ದುರುಗವ್ವ ಇವರೆಲ್ಲ ಒಂದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಸಿಗುತ್ತಾರೆ. ಸವಾರಳ ಹೆಸರು ಈ ಸಾಲಿನಲ್ಲಿ ನಿಂತರೆ ಯಾರೂ ತಲೆಯೆತ್ತಿ ನೋಡಬಾರದು. ಡ್ರ್ಯಾಗನ್‌ನ ಹೆಸರು ಬೇರೆಯಾಗಿ ಕೇಳಿಸಬೇಕು, ಅವಳದು ನಮ್ಮದಾಗಿ ಕೇಳಿಸಬೇಕು. ಇಬ್ಬರಿಗೂ ಒಂದೇ ಬಗೆಯ ವಿಚಿತ್ರ ಹೆಸರಿಟ್ಟರೆ ಇಬ್ಬರೂ ಪರಕೀಯರಾಗುತ್ತಾರೆ, ಓದುಗ ನಿಲ್ಲಲು ನೆಲವಿರುವುದಿಲ್ಲ.

ಏರುವುದನ್ನು ಬಿಟ್ಟು ಬೇರೆ ಕ್ರಿಯೆ ಹುಡುಕಲು ನನಗೆ ನೆರವಾದದ್ದು ಮೈಲಾರದ ಕಾರಣಿಕ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಅವನು ‘ಸದ್ದಲೇ’ ಎಂದು ಕೂಗುತ್ತಾನೆ, ಒಂದೇ ಒಂದು ಸಾಲಿನ ಕಾರಣಿಕ ನುಡಿಯುತ್ತಾನೆ, ನುಡಿದವನೇ ಮೇಲಿಂದ ಕೆಳಗೆ ಬೀಳುತ್ತಾನೆ. ಅಡಿಯಲ್ಲಿ ನಿಂತ ಗೊರವರು ಅವನನ್ನು ಹಿಡಿದುಕೊಳ್ಳುತ್ತಾರೆ. ಎಲ್ಲರ ಕಣ್ಣೂ ಹತ್ತುವುದರ ಮೇಲಿದ್ದರೂ ಗಳಿಗೆಯ ತೂಕವೆಲ್ಲ ಇಳಿಯುವುದರಲ್ಲಿದೆ. ಬಿಲ್ಲನ್ನು ಬಿಟ್ಟು, ಗೊರವರ ಕೈಗೆ ಬಂದು ಬೀಳುವ ಆ ಕ್ಷಣಕ್ಕೆ ಮೊದಲೇ ಮಾತು ಆಗಿಹೋಗಿರುತ್ತದೆ.

ಮೇಲಿನಿಂದ ಕೆಳಕ್ಕೆ ಬರುವುದಕ್ಕೆ ಹಳಗನ್ನಡದಲ್ಲಿ ಎಱಗು ಎಂಬ ಧಾತುವಿದೆ. ಹಕ್ಕಿ ಬಂದು ಕೂರುವುದು, ಹದ್ದು ಕೋಳಿಮರಿಯ ಮೇಲೆ ಬೀಳುವುದು, ಹಿರಿಯರ ಪಾದಕ್ಕೆ ನಮಸ್ಕರಿಸುವುದು, ಇದಿಷ್ಟೂ ಎಱಗುವುದೇ. ನಾವು ಇವತ್ತಿಗೂ ಶತ್ರುವಿನ ಮೇಲೆ ಎರಗಿದ ಎನ್ನುತ್ತೇವೆ, ಗುರುವಿನ ಪಾದಕ್ಕೆ ಎರಗಿದ ಎಂದೂ ಎನ್ನುತ್ತೇವೆ. ದಾಳಿಯೂ ವಿನಯವೂ ಒಂದೇ ಧಾತುವಿನಲ್ಲಿ ಇರುವಾಗ ಅದನ್ನು ಬಿಡಿಸಲು ಸಮಾಸ ಬೇಕಿಲ್ಲ. ಹುಡುಗಿ ಬಂಡೆಯ ಮೇಲಿಂದ ಡ್ರ್ಯಾಗನ್‌ನ ಕೊರಳ ಮೇಲೆ ಎರಗುತ್ತಾಳೆ. ಅದು ಹಲ್ಲೆಯೋ ನಮಸ್ಕಾರವೋ ಎಂದು ಅವಳಿಗೇ ಆ ಹೊತ್ತಿಗೆ ತಿಳಿದಿರುವುದಿಲ್ಲ. ಕಥೆ ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಹೆಸರು ಬಾಗಿಲು ತೆರೆದು ತೋರಿಸುತ್ತದೆ, ಒಳಗೆ ತಳ್ಳುವುದಿಲ್ಲ.

ಎಱಗು ಎಂಬುದಕ್ಕೆ ಅವ್ವ ಸೇರಿಸಿದರೆ ಉಕಾರ ಲೋಪವಾಗಿ ಎರಗವ್ವ ಆಗುತ್ತದೆ. ದುರುಗವ್ವ, ಹುಲುಗವ್ವನ ಪಕ್ಕದಲ್ಲಿ ನಿಲ್ಲಿಸಿದರೆ ಅಕ್ಕತಂಗಿಯಂತೆ ಒಪ್ಪುತ್ತದೆ. ಕಿವಿಯ ಪರೀಕ್ಷೆಯಲ್ಲೂ ಗೆಲ್ಲುತ್ತದೆ. ಕೆಲವರಿಗೆ ಎರೆ ಹೊಲದ ನೆನಪಾಗಬಹುದು, ಹಾಗಾದರೆ ಒಳ್ಳೆಯದೇ, ಅವಳು ಕಪ್ಪು ನೆಲದವಳು. ತೆಲುಗು ಬಲ್ಲವರಿಗೆ ಎರ್ರ, ಅಂದರೆ ಕೆಂಪು, ಕೇಳಿಸಬಹುದು. ಅದೂ ಹೆಸರನ್ನು ಕೆಡಿಸುವುದಿಲ್ಲ, ಎರ್ರಿಸ್ವಾಮಿಗಳು ಬಳ್ಳಾರಿ ಸೀಮೆಗೆ ಹೊಸಬರಲ್ಲ. ಪಕ್ಕದ ಪದದ ನೆರಳು ಬೀಳುವುದೇ ತಪ್ಪಲ್ಲ. ಆ ನೆರಳು ಪಾತ್ರವನ್ನು ಬೇರೆಡೆಗೆ ಎಳೆದುಕೊಂಡು ಹೋದರೆ ಮಾತ್ರ ತಪ್ಪು. ಪಾವು ಎಳೆದುಕೊಂಡು ಹೋಗುತ್ತದೆ, ಎರೆ ಇಲ್ಲೇ ನಿಲ್ಲುತ್ತದೆ.

ಎರಡು ಧಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಅಡಿಯಿಂದ ಮೇಲಕ್ಕೆ ಮಗುಚುತ್ತದೆ, ಇನ್ನೊಂದು ಮೇಲಿಂದ ಕೆಳಕ್ಕೆ ಬರುತ್ತದೆ. ಎರಡೂ ಸೇರುವ ಜಾಗವೇ ಡ್ರ್ಯಾಗನ್‌ನ ಕೊರಳು. ಹಂಪೆಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಮುಂಗಾಲೆತ್ತಿದ ಯಾಳಿಗಳ ಮೇಲೆ ಸವಾರರು ಕೂತಿದ್ದಾರೆ. ಅಲ್ಲೂ ಪ್ರಾಣಿ ಮೇಲೇಳುತ್ತಿರುತ್ತದೆ, ಮನುಷ್ಯ ಅದನ್ನು ಒತ್ತಿ ಹಿಡಿದಿರುತ್ತಾನೆ. ಆ ಶಿಲ್ಪಿಗಳು ಕಲ್ಲಿನಲ್ಲಿ ಹಿಡಿದದ್ದು ಎದುರುಬದುರಿನ ಈ ಎರಡು ಚಲನೆಗಳನ್ನೇ. ಹೆಸರಿನ ಜೋಡಿಯನ್ನು ಒರೆಗೆ ಹಚ್ಚಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ: ಎರಡೂ ಧಾತುಗಳಿಂದ ಒಂದು ವಾಕ್ಯ ಮಾಡಿ, ಅದರಲ್ಲಿ ಏನಾದರೂ ನಡೆಯಿತೇ ನೋಡಬೇಕು. ಪೊರಳ್ದುದಱ ಮೇಲೆ ಎಱಗಿದಳ್. ನಡೆಯಿತು. ಉರಿಯುವವನೂ ಸುಡುವವನೂ ಜೋಡಿಯಾದರೆ ಏನೂ ನಡೆಯುವುದಿಲ್ಲ.

ಹೆಸರು ಸಿಕ್ಕ ಮೇಲೆ ಕನ್ನಡದಲ್ಲಿ ಇನ್ನೊಂದು ನಿರ್ಧಾರ ಉಳಿಯುತ್ತದೆ, ಅದನ್ನು ಬಹಳ ಜನ ಗಮನಿಸದೇ ಬಿಡುತ್ತಾರೆ. ಪೊರಳ್ ಅದುವೋ ಅವನೋ? ಪ್ರಾಣಿಯೆಂದರೆ ನಪುಂಸಕ: ಪೊರಳ್ ಬಂತು, ಪೊರಳಿನ ಕಣ್ಣು, ಪೊರಳಿಗೆ ಹಸಿವು. ವ್ಯಕ್ತಿಯೆಂದರೆ ಪುಲ್ಲಿಂಗ: ಪೊರಳ ಬಂದ, ಪೊರಳನ ಕಣ್ಣು, ಪೊರಳನಿಗೆ ಹಸಿವು. ಪ್ರತಿ ವಾಕ್ಯದ ಕೊನೆಯಲ್ಲೂ ಈ ಪ್ರಶ್ನೆ ಎದ್ದು ನಿಲ್ಲುತ್ತದೆ, ತಪ್ಪಿಸಿಕೊಳ್ಳಲಾಗದು. ಹಳ್ಳಿಯವರು ಹೊರಳು ಬಂತು ಎಂದೂ, ಅಜ್ಜ ಎಂದು ಸೇರಿಸಿದಾಗ ಹೊರಳಜ್ಜ ಬಂದ ಎಂದೂ ಅನ್ನುತ್ತಾರೆ. ಎರಗವ್ವ ಕಥೆಯ ಮೊದಲ ಅರ್ಧದಲ್ಲಿ ‘ಬಂತು’ ಎನ್ನುತ್ತಾಳೆ. ಅವಳು ಯಾವ ಪುಟದಲ್ಲಿ, ಯಾರ ಮುಂದೆ, ಮೊದಲ ಸಲ ‘ಬಂದ’ ಎನ್ನುತ್ತಾಳೆ ಎಂಬುದನ್ನು ಬರೆಯುವವರು ಬರೆಯುವ ಮೊದಲೇ ತೀರ್ಮಾನಿಸಿರಬೇಕು. ಅಲ್ಲಿಗೆ ಬರುವ ತನಕ ಒಂದೇ ಒಂದು ಕಡೆಯೂ ಕೈತಪ್ಪಿ ಅವನು ಎಂದು ಬರೆಯಬಾರದು. ಕರಡು ತಿದ್ದುವಾಗ ಬರೀ ಇದಕ್ಕೆಂದೇ ಒಂದು ಸಲ ಪೂರ್ತಿ ಓದಬೇಕಾಗುತ್ತದೆ.

ಅಚ್ಚಿನಲ್ಲಿ ಱಕಾರವನ್ನು ಉಳಿಸಬೇಕೇ ಎಂದು ಕೇಳುವವರಿದ್ದಾರೆ. ಎರಗವ್ವನ ಹೆಸರಿನಲ್ಲಿ ಬೇಡ. ಅವಳು ಇವತ್ತಿನವಳು, ಅವಳ ಹಾಜರಿಯಲ್ಲಿ ರಕಾರವೇ ಇರುತ್ತದೆ. ಆದರೆ ಗುಡ್ಡದ ಒಳಗಿನ ಗೋಡೆಯಲ್ಲಿ, ಪೊರಳ್ ಮಲಗುವ ಮೊದಲು ಯಾರೋ ಕೊರೆದ ಒಂದು ಸಾಲಿನಲ್ಲಿ ಎಱಗು ಎಂದು ಱಕಾರದಲ್ಲೇ ಇರಲಿ. ಅವಳು ಅದನ್ನು ಓದಲು ತಡವರಿಸುವಾಗ ಓದುಗನೂ ತಡವರಿಸುತ್ತಾನೆ, ಆ ಅಕ್ಷರ ಯಾವುದೆಂದು ಇಬ್ಬರಿಗೂ ಪೊರಳ್ ಹೇಳಿಕೊಡುತ್ತದೆ.